ಸಮ ಅಂಕದವರಲ್ಲಿ ಯಾರು ಮೊದಲು

ಕಂಪ್ಯೂಟರ್ ವಿಭಾಗದ ಆ ಪ್ರೊಫೆಸರಿಗೆ ವಿದ್ಯಾರ್ಥಿಗಳು ಇಟ್ಟ ಹೆಸರು ಸೊನ್ನೆ ಮೇಷ್ಟ್ರು. ಸೊನ್ನೆ ಕೊಡುವುದರಲ್ಲಿ ಅವರ ಕೈ ಅಷ್ಟು ಧಾರಾಳ. ಅವರನ್ನು ಕೇಳಿದರೆ, ಕೊಡುವವರು ತಾವಲ್ಲ, ತಾವು ಬರೆದ ಪ್ರೋಗ್ರಾಂ ಎನ್ನುತ್ತಿದ್ದರು. ವಿದ್ಯಾರ್ಥಿಗಳ ಲ್ಯಾಬ್ ಕೆಲಸವನ್ನು ಅದು ಕಾಲೇಜಿನ ಸರ್ವರ್‌ನಲ್ಲಿ ಓಡಿಸಿ, ಬಂದ ಉತ್ತರವನ್ನು ಸರಿಯುತ್ತರದ ಜತೆ ಅಕ್ಷರಕ್ಕೆ ಅಕ್ಷರ ಹೋಲಿಸಿ ಅಂಕ ಹಾಕುತ್ತಿತ್ತು. ಬೇರೆಯವರು ಮಕ್ಕಳ ಬಗ್ಗೆ ಹೇಳಿಕೊಳ್ಳುವಂತೆ ಅವರು ಅದರ ಬಗ್ಗೆ ಹೇಳಿಕೊಳ್ಳುತ್ತಿದ್ದರು. "ಅದಕ್ಕೆ ಅಳು ಗೊತ್ತಿಲ್ಲ, ಶಿಫಾರಸು ಗೊತ್ತಿಲ್ಲ. ನನಗಿಂತ ನಿಷ್ಠುರ."

ಆ ವರ್ಷ ಒಂದು ಲ್ಯಾಬ್ ಕೊಟ್ಟರು. ಸಿ ಭಾಷೆಯಲ್ಲಿ ಒಂದು ಪ್ರೋಗ್ರಾಂ ಬರೆಯಬೇಕು. ಅದು ಒಂದು ತರಗತಿಯವರ ಹೆಸರು ಮತ್ತು ಅಂಕಗಳನ್ನು ಓದಿಕೊಂಡು, ಕೇಳಿದಾಗ ಸರಾಸರಿ ಹೇಳಬೇಕು, ಕೇಳಿದಾಗ ಹೆಚ್ಚಿನ ಅಂಕದಿಂದ ಕಡಿಮೆಗೆ ಪಟ್ಟಿ ಜೋಡಿಸಬೇಕು. ಪ್ರೋಗ್ರಾಂ ಸರಿಯೇ ಎಂದು ಪರೀಕ್ಷಿಸುವ ಟೆಸ್ಟ್‌ಗಳಲ್ಲಿ ಕೆಲವನ್ನು ಮೊದಲೇ ವಿದ್ಯಾರ್ಥಿಗಳ ಕೈಗೆ ಕೊಟ್ಟಿದ್ದರು, ಕೆಲವನ್ನು ಗುಟ್ಟಾಗಿ ಇಟ್ಟುಕೊಂಡಿದ್ದರು. ಗುಟ್ಟಿನ ಟೆಸ್ಟ್‌ಗಳಲ್ಲಿ ಉದ್ದದ ಪಟ್ಟಿಯದೊಂದರಲ್ಲಿ ಹೆಚ್ಚುಕಡಿಮೆ ತರಗತಿಯೆಲ್ಲ ಬಿತ್ತು. ಮೇಷ್ಟ್ರಿಗೆ ಅದು ಬೇಸರದ ವಿಷಯವಾಗಲಿಲ್ಲ. ಪ್ರಶ್ನೆ ಗಟ್ಟಿಯಾಗಿದೆ ಎಂದು ಸಹೋದ್ಯೋಗಿಗಳ ಎದುರು ಮೀಸೆ ತಿರುವಿದರು.

ಬಿದ್ದವರಲ್ಲಿ ಒಬ್ಬಳು ವಕೀಲರ ಮಗಳು. ಉದ್ದದ ಪಟ್ಟಿ ಹಾಗಿರಲಿ, ಸರಾಸರಿ ಕೇಳಿದ ಟೆಸ್ಟ್‌ಗಳೆಲ್ಲ ಅವಳಿಗೆ ಕೈಕೊಟ್ಟಿದ್ದವು. ಅವು ಮೇಷ್ಟ್ರೇ ಮೊದಲು ಕೊಟ್ಟ ಟೆಸ್ಟ್‌ಗಳು, ಅವಳ ಲ್ಯಾಪ್‌ಟಾಪಿನಲ್ಲಿ ಒಂದೂ ಬಿಡದಂತೆ ಪಾಸಾಗಿದ್ದವು. ಮರುಮೌಲ್ಯಮಾಪನ ಮಾಡಿ ಎಂದು ಕೇಳಿ ನಾಲ್ಕು ಸಾಲಿನ ಇಮೇಲ್ ಬರೆದು, ಕಳಿಸುವ ಮುಂಚೆ ಅಪ್ಪನಿಗೆ ತೋರಿಸಿದಳು.

"ಇದೇನಮ್ಮ, ರಜೆ ಚೀಟಿ ತರ ಇದೆ," ಎಂದರು ಅಪ್ಪ. "ಕೊಡಿಲ್ಲಿ."

ಅವರ ಕೈಯಿಂದ ಹೊರಬಂದಾಗ ಇಮೇಲ್ ಎರಡು ಪುಟವಾಗಿತ್ತು. "ಸದರಿ ವಿದ್ಯಾರ್ಥಿನಿಯ ಸ್ವಂತ ಯಂತ್ರದಲ್ಲಿ ಸದರಿ ಪರೀಕ್ಷೆಗಳು ನಿರ್ವಿವಾದವಾಗಿ ಉತ್ತೀರ್ಣವಾಗಿದ್ದು, ತಮ್ಮ ಯಂತ್ರದ ಭಿನ್ನಾಭಿಪ್ರಾಯಕ್ಕೆ ಆಕೆಯನ್ನು ಹೊಣೆ ಮಾಡುವುದು ಸಹಜ ನ್ಯಾಯಕ್ಕೆ ವಿರುದ್ಧವಾಗಿರುತ್ತದೆ." ಸಾಕ್ಷ್ಯವಾಗಿ ಪರದೆಯ ಚಿತ್ರಗಳು. ಅದರದೊಂದು ಪ್ರತಿ, ವಿಭಾಗದ ಮುಖ್ಯಸ್ಥರಿಗೆ.

"ಅಪ್ಪಾ, ಸರ್ ಬೇಜಾರು ಮಾಡ್ಕೋತಾರೆ."

"ಮಾಡ್ಕೊಳ್ಳಲಿ ಅಂತಾನೇ ಬರೆದಿರೋದು."

ಮುಖ್ಯಸ್ಥರಿಗೆ ತಮ್ಮ ಮೇಜಿಗೆ ಬಂದದ್ದು ಬೇರೆಯವರ ಮೇಜಿಗೆ ಹೋದರೆ ಸಾಕು. ಓದದೆಯೇ "ಪರಿಶೀಲಿಸಿ ವರದಿ ಕೊಡಿ" ಎಂದು ಮೇಷ್ಟ್ರಿಗೆ ದಾಟಿಸಿದರು. 'ಭಿನ್ನಾಭಿಪ್ರಾಯ' ಎಂಬ ಮಾತು ಮೇಷ್ಟ್ರ ಎದೆಗೆ ನಾಟಿತು. ಸರ್ವರ್‌ಗೆ ಅಭಿಪ್ರಾಯವೇ? ಲ್ಯಾಪ್‌ಟಾಪ್ ಸಮೇತ ಬಾ ಎಂದು ಒಂದೇ ಸಾಲಿನ ಉತ್ತರ ಹಾಕಿದರು.

ಹುಡುಗಿ ಅವರ ಕೋಣೆಗೆ ಬಂದು ಪ್ರೋಗ್ರಾಂ ಓಡಿಸಿದಳು. ಎಲ್ಲ ಪಾಸು. ಅದೇ ಪ್ರೋಗ್ರಾಮನ್ನು ಮೇಷ್ಟ್ರು ಸರ್ವರ್‌ನಲ್ಲಿ ಓಡಿಸಿದರು. ಮೂವತ್ತರ ಆಸುಪಾಸು ಬರಬೇಕಿದ್ದ ಸರಾಸರಿ ಕೋಟಿಯ ಲೆಕ್ಕದಲ್ಲಿ ಬಂತು.

"ಬುದ್ಧಿವಂತ ತರಗತಿ," ಎಂದರು ಮೇಷ್ಟ್ರು. "ಈಗ ಕಂಪೈಲ್ ಮಾಡುವಾಗ ಎಚ್ಚರಿಕೆಗಳನ್ನೂ ತೋರಿಸು ಅಂತ ಕೇಳೋಣ."

ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವಾಗ ಪರದೆಯ ಮೇಲೆ ಒಂದು ಸಾಲು ಮೂಡಿತು: ಮೊತ್ತ ಕೂಡಿಡುವ ವೇರಿಯೇಬಲ್‌ಗೆ ಆರಂಭದ ಬೆಲೆಯನ್ನೇ ಕೊಟ್ಟಿಲ್ಲ.

"ನೋಡಮ್ಮ, ಸೊನ್ನೆಯಿಂದ ಶುರುಮಾಡು ಅಂತ ನೀನು ಹೇಳೇ ಇಲ್ಲ. ನೆನಪಿನ ಆ ಜಾಗದಲ್ಲಿ ಹಿಂದೆ ಏನು ಕಸ ಬಿದ್ದಿತ್ತೋ ಅದರ ಮೇಲೇ ಕೂಡ್ತಾ ಹೋಗಿದೆ. ನಿನ್ನ ಲ್ಯಾಪ್‌ಟಾಪಲ್ಲಿ ಅಲ್ಲಿ ಸೊನ್ನೆ ಇತ್ತು. ಅದು ನಿನ್ನ ಅದೃಷ್ಟ, ನಿನ್ನ ಪ್ರೋಗ್ರಾಂ ಅಲ್ಲ. ನಿನಗೆ ಈ ಎಚ್ಚರಿಕೆ ಕಾಣಲಿಲ್ವಾ?"

"ಕಂಡಿತ್ತು ಸರ್." ಅವಳ ದನಿ ಇಳಿಯಿತು. "ಎಚ್ಚರಿಕೆ ತಾನೇ, ತಪ್ಪು ಅಂತ ಹೇಳಿಲ್ವಲ್ಲ ಅಂದ್ಕೊಂಡೆ."

ಮೇಷ್ಟ್ರಿಗೆ ಬಹಳ ದಿನದ ಮೇಲೆ ಹೊಟ್ಟೆ ತಣ್ಣಗಾಯಿತು. ಉದಾರ ಮನಸ್ಸಿನಿಂದ ತಾವೇ ಆ ಜಾಗದಲ್ಲಿ ಸೊನ್ನೆ ಬರೆದು, ಅಂಕಕ್ಕಲ್ಲ, ತಿಳಿವಳಿಕೆಗೆ ಎಂದು ಮತ್ತೆ ಓಡಿಸಿದರು. ಉದ್ದದ ಪಟ್ಟಿಯದೊಂದು ಬಿಟ್ಟು ಉಳಿದ ಟೆಸ್ಟ್‌ಗಳೆಲ್ಲ ಪಾಸಾದವು.

"ಅದು ಎಲ್ಲರಿಗೂ ಆಗಲ್ಲ ಬಿಡು."

ಹುಡುಗಿ ಎದ್ದು ಹೋಗಬೇಕಿತ್ತು. ಅಪ್ಪನ ಮಗಳು, ಪರದೆಗೆ ಬಾಗಿ ತನ್ನ ಪಟ್ಟಿಯನ್ನೂ ಸರಿಯುತ್ತರದ ಪಟ್ಟಿಯನ್ನೂ ಬೆರಳಿಟ್ಟು ನೋಡತೊಡಗಿದಳು.

"ಸರ್, ಅಂಕ ಎಲ್ಲ ಇಳಿಕೆ ಕ್ರಮದಲ್ಲೇ ಇವೆ. ಒಂದೇ ಅಂಕ ತಗೊಂಡವರ ಹೆಸರು ಮಾತ್ರ ಹಿಂದುಮುಂದಾಗಿದೆ. ಅವರಲ್ಲಿ ಯಾರು ಮೊದಲು ಬರಬೇಕು ಅಂತ ಪ್ರಶ್ನೆಯಲ್ಲಿ ಇಲ್ವಲ್ಲ?"

"ಸಾಮಾನ್ಯ ಜ್ಞಾನ."

"ಯಾವ ಸಾಮಾನ್ಯ ಜ್ಞಾನ ಸರ್? ಅಕ್ಷರದ ಕ್ರಮವಾ, ಮೊದಲು ಓದಿದವರು ಮೊದಲಾ?"

ಮೇಷ್ಟ್ರು ಸರಿಯುತ್ತರ ನೋಡಿದರು. ಸಮ ಅಂಕದವರಿದ್ದದ್ದು ಆ ಉದ್ದದ ಪಟ್ಟಿಯಲ್ಲಿ ಮಾತ್ರ. ಹೆಸರುಗಳು ಅಕ್ಷರದ ಕ್ರಮದಲ್ಲೂ ಇರಲಿಲ್ಲ, ಓದಿದ ಕ್ರಮದಲ್ಲೂ ಇರಲಿಲ್ಲ. ಸರಿಯುತ್ತರ ತೆಗೆಯಲು ಬರೆದ ಮಾದರಿ ಪ್ರೋಗ್ರಾಮಿನಲ್ಲಿ ಪಟ್ಟಿ ಜೋಡಿಸುವುದಕ್ಕೆ ಅವರು ಸಿದ್ಧವಾಗಿ ಸಿಗುವ ಫಂಕ್ಷನ್ ಬಳಸಿದ್ದರು. ಸಮ ಬಂದವರನ್ನು ಒಂದೊಂದು ಯಂತ್ರದಲ್ಲಿ ಒಂದೊಂದು ರೀತಿ ಇಡುವ ಸ್ವಾತಂತ್ರ್ಯ ಅದಕ್ಕಿದೆ ಎಂದು ತಾವೇ ಪಾಠ ಮಾಡಿದ್ದರು.

"ನಿಮ್ಮ ಪ್ರೋಗ್ರಾಮನ್ನೇ ಒಂದ್ಸಲ ಹಾಕಿ ನೋಡೋಣವಾ ಸರ್?"

ತಮ್ಮ ಮಾದರಿ ಪ್ರೋಗ್ರಾಮನ್ನು ಮೇಷ್ಟ್ರು ತಮ್ಮದೇ ತಿದ್ದುವ ಪ್ರೋಗ್ರಾಮಿಗೆ ಒಪ್ಪಿಸಿದರು. ಅಳು, ಶಿಫಾರಸು ಗೊತ್ತಿಲ್ಲದ ಅದು ಅವರನ್ನೂ ಉದ್ದದ ಪಟ್ಟಿಯಲ್ಲಿ ಫೇಲ್ ಮಾಡಿತು.

ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಓಡಿಸಿದರು. ಮತ್ತೆ ಫೇಲ್.

"ನಮ್ಮನೆ ಲ್ಯಾಪ್‌ಟಾಪಲ್ಲಿ ಸರಿಯಾಗೇ ಬಂದಿತ್ತಲ್ಲ," ಎಂದರು. ಸರಿಯುತ್ತರವನ್ನು ಅವರು ಮನೆಯಲ್ಲೇ ಮಾಡಿ ತಂದಿದ್ದರು.

ಹುಡುಗಿ ತುಟಿ ಕಚ್ಚಿಕೊಂಡು ಕಿಟಕಿಯ ಕಡೆ ನೋಡಿದಳು. ನಕ್ಕಿದ್ದರೆ ಮೇಷ್ಟ್ರು ರೇಗಬಹುದಿತ್ತು. ಅವಳು ನಗದೇ ಇದ್ದದ್ದರಿಂದ ಅದಕ್ಕೂ ದಾರಿಯಿಲ್ಲದೆ ಕುಳಿತರು.

"ಸರಾಸರಿ ಟೆಸ್ಟ್‌ಗಳ ಅಂಕ ಸಿಗಲ್ಲ," ಎಂದರು ಕೊನೆಗೆ.

"ಗೊತ್ತು ಸರ್. ಅದು ನನ್ನದೇ ತಪ್ಪು."

"ಪಟ್ಟಿದು ಎಲ್ಲರಿಗೂ ಮತ್ತೆ ನೋಡ್ತೀನಿ."

ನೋಡಿದರು. ಸಮ ಅಂಕದವರು ಯಾವ ಕ್ರಮದಲ್ಲಿದ್ದರೂ ಒಪ್ಪುವಂತೆ ತಿದ್ದುವ ಪ್ರೋಗ್ರಾಮನ್ನೇ ತಿದ್ದಿ, ಇಡೀ ತರಗತಿಯ ಕೆಲಸವನ್ನು ಮತ್ತೊಮ್ಮೆ ಓಡಿಸಿದರು. ಬಹುಪಾಲು ಎಲ್ಲರ ಅಂಕ ಒಂದಿಷ್ಟು ಏರಿತು, ವಕೀಲರ ಮಗಳದೂ ಅಷ್ಟೇ ಏರಿತು. ಅವಳ ಪುಣ್ಯದಿಂದ ಅಂಕ ಬಂದ ಗೆಳತಿಯರು ಸರಾಸರಿಯಲ್ಲೂ ಪಾಸಾಗಿದ್ದರಿಂದ ಅವಳಿಗಿಂತ ಮುಂದೆ ಹೋದರು. ಆ ಪ್ರಶ್ನೆ ಗಟ್ಟಿಯಾಗಿತ್ತು ಎಂದು ಮೇಷ್ಟ್ರು ಆಮೇಲೆ ಎಲ್ಲೂ ಹೇಳಲಿಲ್ಲ. ಮುಖ್ಯಸ್ಥರಿಗೆ ಉದ್ದದ ವರದಿ ಬರೆದು, ತಪ್ಪು ಎಲ್ಲಿತ್ತು, ಯಾರದು ಎಂದು ಮುಚ್ಚುಮರೆಯಿಲ್ಲದೆ ವಿವರಿಸಿದರು. "ಧನ್ಯವಾದ, ಅದ್ಭುತ ಕೆಲಸ" ಎಂದು ಮುಖ್ಯಸ್ಥರ ಉತ್ತರ ತಕ್ಷಣವೇ ಬಂತು. ಇದನ್ನೂ ಓದಿಲ್ಲ ಎಂದು ಮೇಷ್ಟ್ರಿಗೆ ಮೊದಲ ಬಾರಿ ಸಮಾಧಾನವಾಯಿತು.

ಮನೆಯಲ್ಲಿ ವಕೀಲರಿಗೆ ಸಮಾಧಾನವಿರಲಿಲ್ಲ. "ಸರಾಸರಿ ಟೆಸ್ಟ್‌ಗಳ ಅಂಕಕ್ಕೆ ಮೇಲ್ಮನವಿ ಹಾಕೋಣ. ಕಸ ಇದ್ದದ್ದು ಅವರ ಯಂತ್ರದಲ್ಲಿ. ಗುಡಿಸಿಡೋದು ಯಾರ ಕರ್ತವ್ಯ?"

"ನಂದೇ ಅಪ್ಪ," ಎಂದಳು ಮಗಳು.

ವಕೀಲರು ಪೇಪರ್ ಮಡಿಚಿಟ್ಟು ಎದ್ದರು. ಕಕ್ಷಿದಾರರು ಹೀಗೆ ಒಪ್ಪಿಕೊಂಡುಬಿಟ್ಟರೆ ವೃತ್ತಿ ನಡೆಯುವುದು ಹೇಗೆ ಎಂದು ಹೆಂಡತಿಯ ಹತ್ತಿರ ಗೊಣಗಿದರು.

ಮುಂದಿನ ಲ್ಯಾಬಿನ ಪ್ರಶ್ನೆಪತ್ರಿಕೆ ಸಿದ್ಧವಾದಾಗ, ಕೊಡುವ ಮುಂಚೆ ಹುಡುಗಿ ಒಮ್ಮೆ ಓದಿ ನೋಡಲಿ ಎಂದು ಮೇಷ್ಟ್ರಿಗೆ ಅನಿಸಿತು, ಆದರೆ ಅದೇ ಲ್ಯಾಬ್ ಮಾಡಬೇಕಾದವಳಿಗೆ ಅದನ್ನು ಮೊದಲೇ ತೋರಿಸುವಂತಿರಲಿಲ್ಲ. ಹಾಗಾಗಿ ಅವಳು ಕಾರಿಡಾರಿನಲ್ಲಿ ಸಿಕ್ಕಾಗ ಮೇಷ್ಟ್ರು, ಕಿರಿಯ ತರಗತಿಯವರ ಪ್ರಶ್ನೆಯನ್ನು ಓದಿ ಎಲ್ಲಿ ಗೊಂದಲವಿದೆ ಹೇಳಲಾದೀತೆ ಎಂದು, ಗೋಡೆಯ ಸೂಚನಾ ಫಲಕವನ್ನು ನೋಡುತ್ತ ಕೇಳಿದರು. ಅವಳು ಒಪ್ಪಿದಳು. ಕೆಂಪು ಗೀಟು ತುಂಬಿದ ಹಾಳೆ ವಾಪಸು ಬಂದ ದಿನ ಮೇಷ್ಟ್ರು ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ. ಮಾರನೆಯ ದಿನ ಬಾಗಿಲು ಹಾಕಿಕೊಂಡು ಕುಳಿತು, ಒಂದೊಂದೇ ಗೀಟಿಗೆ ಉತ್ತರ ಬರೆಯತೊಡಗಿದರು.