ಎಪ್ಪತ್ತೊಂಬತ್ತು ಸೆಂಟಿಮೀಟರಿನ ಅಣ್ಣ

ಬೆಟಗೇರಿಯ ನಮ್ಮ ಓಣಿಗೆ ನಳದ ನೀರು ಬರುವುದು ಹತ್ತು ಹನ್ನೆರಡು ದಿನಕ್ಕೊಮ್ಮೆ. ಅದು ಬಂದ ಹೊತ್ತಿಗೆ ಮನೆಗೆ ಬಂದವರು ಯಾರೇ ಇರಲಿ, ಅವರನ್ನು ಕೇಳುವವರಿರುವುದಿಲ್ಲ. ಸರ್ವೇಯವರು ಬಂದದ್ದೂ ನೀರು ಬಂದ ದಿನವೇ.

ಅವರು ಇಬ್ಬರು. ಟ್ಯಾಬ್ ಹಿಡಿದ ಒಬ್ಬ ಯುವಕ, ಚೀಲದಲ್ಲಿ ಬಿ.ಪಿ. ಯಂತ್ರ, ತೂಕದ ಯಂತ್ರ ಮತ್ತು ಅಳತೆಯ ಪಟ್ಟಿ ಇಟ್ಟುಕೊಂಡ ಒಬ್ಬ ಹುಡುಗಿ. ಬಿ.ಪಿ., ಸಕ್ಕರೆ ಕಾಯಿಲೆ, ತಂಬಾಕು, ಉಪ್ಪು, ಎಲ್ಲದರ ಸರ್ವೇ. ಮೊದಲ ದಿನ ಅಣ್ಣನ ಹೆಂಡತಿ, ನಮ್ಮ ವೈನಿ, ಕೊಡಗಳ ನಡುವೆ ನಿಂತೇ ಮನೆಯ ದೊಡ್ಡವರ ಹೆಸರು, ವಯಸ್ಸು ಹೇಳಿದರು. ಮನೆಯಲ್ಲಿ ಇದ್ದದ್ದೇ ಮೂವರು: ಅಣ್ಣ, ವೈನಿ, ಮದುವೆಯಾಗದೆ ಉಳಿದ ನಾನು. ಯುವಕ ಟ್ಯಾಬ್ ಒತ್ತಿದ. ಯಾರನ್ನು ಕೇಳಬೇಕೆಂದು ಅದೇ ಚೀಟಿ ಎತ್ತುತ್ತದಂತೆ. ಅಣ್ಣನನ್ನು ಎತ್ತಿತು.

ಅಣ್ಣನಿಗೆ ಬಸ್ ಸ್ಟ್ಯಾಂಡಿನ ಹತ್ತಿರ ಮಿರ್ಚಿ ಭಜಿಯ ಅಂಗಡಿ ಇತ್ತು. ಮೆಣಸಿನಕಾಯಿಗೆ ಉಪ್ಪು ತುಂಬಿ, ಉಪ್ಪಿನ ಹಿಟ್ಟಿನಲ್ಲಿ ಅದ್ದಿ, ಕರಿದು, ಮೇಲೆ ಮತ್ತೆ ಚಿಟಿಕೆ ಉಪ್ಪು ಉದುರಿಸಿ ಕೊಡುತ್ತಿದ್ದ. ಉಪ್ಪಿನ ಮೇಲಿನ ಉಪ್ಪಿಗಾಗಿಯೇ ಮುಂಡರಗಿಯ ಬಸ್ಸಿನ ಡ್ರೈವರುಗಳು ಅಲ್ಲಿ ಇಳಿಯುತ್ತಿದ್ದರು. ಸರ್ವೇಯವರು ಅವನಿಗಾಗಿ ಎರಡು ಸಲ ಬಂದು ತಿರುಗಿ ಹೋದರು. ಅವನ ಬದಲಿಗೆ ನನ್ನನ್ನು ಅಳೆಯಿರಿ ಎಂದೆ. ಹಾಗೆ ಬರುವುದಿಲ್ಲ ಎಂದ ಯುವಕ. ಸಿಕ್ಕವರನ್ನೇ ಅಳೆದರೆ ಮನೆಯಲ್ಲಿ ಕೂರುವವರ ಬಿ.ಪಿ. ಮಾತ್ರ ಗೊತ್ತಾಗುತ್ತದೆ, ದುಡಿಯಲು ಹೋದವರದು ಗೊತ್ತಾಗುವುದೇ ಇಲ್ಲ ಎಂದು ಬಿಡಿಸಿ ಹೇಳಿದ. ಬುದ್ಧಿವಂತ. ಆದರೆ ನಮ್ಮ ಮನೆಯ ಮಟ್ಟಕ್ಕೆ ಆ ಬುದ್ಧಿ ಸಾಲಲಿಲ್ಲ.

ಅಣ್ಣನಿಗೆ ಬಿ.ಪಿ. ಇತ್ತು. ಎರಡು ವರ್ಷದ ಹಿಂದೆ ಲಕ್ಷ್ಮೇಶ್ವರದಲ್ಲಿ ಸಂಬಂಧಿಕರ ಮನೆಗೆ ಹೋದಾಗ ಅಲ್ಲಿಯ ಶಿಬಿರದಲ್ಲಿ ಒಬ್ಬ ಡಾಕ್ಟರು ಅವನಿಗೆ ಹಾಗೆಂದು ಹೇಳಿ ಗುಳಿಗೆ ಬರೆದುಕೊಟ್ಟಿದ್ದರು. ಹನ್ನೊಂದು ದಿನ ನುಂಗಿದ. ತಲೆ ಹಗುರಾಯಿತು ಎಂದು ಬಿಟ್ಟ. ವಾಸಿಯಾದ ಮೇಲೂ ಔಷಧ ನುಂಗುವವನು ಹುಚ್ಚ ಎನ್ನುವುದು ಅವನ ಶಾಸ್ತ್ರ. ಸರ್ಕಾರದ ಟ್ಯಾಬಿನಲ್ಲಿ ಒಮ್ಮೆ ಬರೆಸಿದರೆ ಇಲ್ಲದ ಬಿ.ಪಿ.ಯೂ ಬಂದು ಕೂರುತ್ತದೆ ಎನ್ನುವುದು ಅದೇ ಶಾಸ್ತ್ರದ ಎರಡನೆಯ ಭಾಗ.

ಮೂರನೆಯ ಸಲ ಸರ್ವೇಯವರು ಬೆಳಿಗ್ಗೆ ಬೇಗ ಬಂದರು. ಆವತ್ತು ಮತ್ತೆ ನೀರು. ವೈನಿ ನಳದ ಹತ್ತಿರ ಸಾಲಿನಲ್ಲಿದ್ದರು. ಬಂದವಳು ಬೇರೆ ಹುಡುಗಿ, ಒಬ್ಬಳೇ; ನನ್ನ ಮುಖ ಕಂಡಿದ್ದ ಮೊದಲಿನ ಇಬ್ಬರೂ ಶಿರಹಟ್ಟಿ ಕಡೆ ಹೋಗಿದ್ದರು. ನಾನು ಅಣ್ಣನಿಗೆ ಫೋನು ಮಾಡಿದೆ. ಹಿಂದೆ ಎಣ್ಣೆಯ ಸದ್ದು ಕೇಳುತ್ತಿತ್ತು.

"ಲೇ ತಮ್ಮಾ, ನೀನ ಕುಂಡ್ರಲೇ. ನಿನ್ನ ಪ್ರಗತಿ ಪತ್ರಕ್ಕ ಅಪ್ಪನ ಸಹಿ ನಾ ಮಾಡಿಲ್ಲೇನು? ಆ ಋಣಾ ತೀರಿಸು."

ಅದು ಖರೆ. ಗಣಿತದಲ್ಲಿ ನಾನು ನಪಾಸಾದಾಗಲೆಲ್ಲ ಅಪ್ಪನಾಗಿ ಸಹಿ ಹಾಕಿದವನು ಅವನು. ಹೀಗಾಗಿ ಒಪ್ಪಿಗೆ ಪತ್ರದ ಮೇಲೆ ನಾನು ಅಣ್ಣನಾಗಿ ಸಹಿ ಹಾಕಿದೆ. ಚೆನ್ನಾಗಿಯೇ ಬಂತು.

ಪ್ರಶ್ನೆಗಳು ಬಹಳ. ಊಟದ ತಟ್ಟೆಗೆ ಮೇಲೆ ಉಪ್ಪು ಹಾಕಿಕೊಳ್ಳುವುದು ಯಾವಾಗಲೂ, ಆಗಾಗ, ಅಪರೂಪಕ್ಕೆ, ಎಂದೂ ಇಲ್ಲ, ಹೀಗೆ. ಎಂದೂ ಇಲ್ಲ ಎಂದೆ. ಭಜಿ ಅಂಗಡಿಯವನ ಬಾಯಲ್ಲಿ ಆ ಮಾತು ಕೇಳಿ ಹುಡುಗಿ ತಲೆ ಎತ್ತಿ ನೋಡಿದಳು. ನಂತರ ಮುಖ್ಯ ಪ್ರಶ್ನೆ: ನಿಮಗೆ ರಕ್ತದೊತ್ತಡ ಹೆಚ್ಚಿದೆ ಎಂದು ಯಾರಾದರೂ ಡಾಕ್ಟರು ಅಥವಾ ಆರೋಗ್ಯ ಕಾರ್ಯಕರ್ತರು ಎಂದಾದರೂ ಹೇಳಿದ್ದಾರೆಯೇ? ಅಣ್ಣನಿಗೆ ಹೇಳಿದ್ದರು, ನನಗೆ ಹೇಳಿರಲಿಲ್ಲ. ವಯಸ್ಸು ಅವನದು ಕೊಟ್ಟಿದ್ದೆ. ಉತ್ತರ ನನ್ನದು ಕೊಟ್ಟೆ. ಕಳೆದ ಎರಡು ವಾರದಲ್ಲಿ ಬಿ.ಪಿ.ಗೆ ಗುಳಿಗೆ ತೆಗೆದುಕೊಂಡಿದ್ದೀರಾ? ಇಲ್ಲ. ಇದೊಂದೇ ಉತ್ತರ ಇಬ್ಬರಿಗೂ ಖರೆ ಇತ್ತು.

ಆಮೇಲೆ ಹದಿನೈದು ನಿಮಿಷ ಸುಮ್ಮನೆ ಕೂರಿಸಿದಳು. ಬೆನ್ನು ಕುರ್ಚಿಗೆ, ಪಾದ ನೆಲಕ್ಕೆ, ಕೈ ಟೇಬಲ್ಲಿನ ಮೇಲೆ, ಮಾತು ಬಂದ್. ತೋಳಿಗೆ ಪಟ್ಟಿ ಸುತ್ತಿ ಮೂರು ಸಲ ಅಳೆದಳು, ನಡುವೆ ಮೂರು ಮೂರು ನಿಮಿಷ ಬಿಟ್ಟು. ಮೊದಲನೆಯದು ಸ್ವಲ್ಪ ಹೆಚ್ಚೇ ಬಂತು. ಹೊಸಬರೆದುರು ಹಾಗಾಗುತ್ತದೆ, ಲೆಕ್ಕಕ್ಕೆ ಹಿಡಿಯುವುದು ಎರಡನೆಯದು ಮತ್ತು ಮೂರನೆಯದರ ಸರಾಸರಿ ಎಂದಳು. ನೂರಾ ಇಪ್ಪತ್ತಮೂರಕ್ಕೆ ಎಪ್ಪತ್ತೊಂಬತ್ತು ಬಂತು. ತೂಕ ಐವತ್ತೆಂಟು ಕಿಲೋ. ಸೊಂಟದ ಸುತ್ತಳತೆಯೂ ಎಪ್ಪತ್ತೊಂಬತ್ತೇ, ಸೆಂಟಿಮೀಟರು. ಎಲ್ಲವನ್ನೂ ಅಣ್ಣನ ಹೆಸರಿನ ಚೀಟಿಯಲ್ಲಿ ಬರೆದು, ಬಿ.ಪಿ.ಯ ಮುಂದೆ 'ನಾರ್ಮಲ್' ಎಂದು ಗುರುತು ಹಾಕಿ ಕೊಟ್ಟು ಹೋದಳು.

ಈ ಸರ್ವೇಯ ಮೆಟ್ಟಿಲುಗಳನ್ನು ನಾನು ತಿಳಿದುಕೊಂಡದ್ದು ನಂತರ. ಅಳತೆ ನೂರಾ ನಲವತ್ತಕ್ಕೆ ತೊಂಬತ್ತು, ಅಥವಾ ಎರಡರಲ್ಲಿ ಒಂದಾದರೂ ಅಷ್ಟಕ್ಕೆ ಮುಟ್ಟಿದವರನ್ನೂ, ಗುಳಿಗೆ ನುಂಗುತ್ತಿರುವವರನ್ನೂ ಬಿ.ಪಿ. ಇದ್ದವರು ಎಂದು ಹಿಡಿಯುತ್ತಾರೆ. ಅವರಲ್ಲಿ ಎಷ್ಟು ಜನಕ್ಕೆ ಅದು ಗೊತ್ತಿದೆ, ಎಷ್ಟು ಜನ ಗುಳಿಗೆ ತೆಗೆದುಕೊಳ್ಳುತ್ತಾರೆ, ಎಷ್ಟು ಜನರದು ಹತೋಟಿಯಲ್ಲಿದೆ ಎಂದು ಎಣಿಸುತ್ತಾರೆ. ಗೊತ್ತಿದ್ದೂ ಗುಳಿಗೆ ಬಿಟ್ಟವರ ಸಾಲಿನಲ್ಲಿ ಅಣ್ಣ ತಲೆ ಎತ್ತಿ ನಿಲ್ಲಬೇಕಿತ್ತು. ಅವನ ಮಂದಿ ಅಲ್ಲಿದ್ದರು. ನಾನು ಅವನನ್ನು ಮೆಟ್ಟಿಲು ಹತ್ತಿಸಲೇ ಇಲ್ಲ. ರೋಗವೇ ಇಲ್ಲದವರ ಜೊತೆ ಹೊರಗೆ ಕೂರಿಸಿದೆ.

ಅಣ್ಣ ಚೀಟಿ ನೋಡಿ ಐವತ್ತೆಂಟು ಕಿಲೋ ಎಂಬಲ್ಲಿ ನಕ್ಕ. ಮದುವೆಯ ದಿನ ಅಷ್ಟಿದ್ದೆ ಎಂದ. ಮರುದಿನ ಅದಕ್ಕೆ ಲ್ಯಾಮಿನೇಷನ್ ಮಾಡಿಸಿ ಅಂಗಡಿಯಲ್ಲಿ ಬಾಣಲೆಯ ಮೇಲಿನ ಗೋಡೆಗೆ, ದೇವರ ಫೋಟೋದ ಪಕ್ಕ ತೂಗುಹಾಕಿದ. ಗಿರಾಕಿಗಳು ಎಣ್ಣೆಯ ಬಗ್ಗೆ ಅನುಮಾನಿಸಿದರೆ ಸೌಟಿನಿಂದ ಅದನ್ನು ತೋರಿಸುತ್ತಿದ್ದ.

"ದಿನಾ ತಿನ್ನಾಂವ ನಾನು. ನಂದ ನಾರ್ಮಲ್ ಐತಿ. ನಿಮಗೇನ್ರಿ ಧಾಡಿ?"

ಎರಡು ತಿಂಗಳಿಗೆ ಅವನೇ ಅದನ್ನು ನಂಬತೊಡಗಿದ್ದು ವಿಚಿತ್ರ. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವರ ರಕ್ತ ಬೇರೆ ಬೇರೆ ಇರುತ್ತದೆಯೇ ಎಂದು ನನ್ನನ್ನೇ ಕೇಳಿದ. ಬಿಟ್ಟ ಗುಳಿಗೆ ಮತ್ತೆ ಶುರುಮಾಡು ಎಂದು ನಾನು ಒಮ್ಮೆ ಹೇಳಿದೆ. ಒಮ್ಮೆಯೇ.

ಒಂದು ಸಂಜೆ ಅವನು ಬಾಣಲೆಯ ಮುಂದೆಯೇ ಕುಸಿದ. ಬಲಗೈ ಸೌಟನ್ನು ಬಿಟ್ಟಿತು, ಬಾಯಿ ಸೊಟ್ಟಗಾಯಿತು. ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಬಿ.ಪಿ. ಇತ್ತೇ ಎಂದು ಕೇಳಿದರು. ನಮ್ಮೊಡನೆ ಬಂದಿದ್ದ ಪಾನ್ ಅಂಗಡಿಯವನು, ಪುಣ್ಯಾತ್ಮ, ಗೋಡೆಯಿಂದ ಆ ಚೀಟಿಯನ್ನು ಬಿಚ್ಚಿ ತಂದಿದ್ದ. ಅದನ್ನೇ ಮುಂದೆ ಹಿಡಿದ. ಡಾಕ್ಟರು ಚೀಟಿ ನೋಡಿದರು, ಮಂಚದ ತುಂಬ ಮಲಗಿದ್ದ ಅಣ್ಣನನ್ನು ನೋಡಿದರು, ತಮ್ಮ ಯಂತ್ರದ ಇನ್ನೂರಾ ಇಪ್ಪತ್ತನ್ನು ನೋಡಿದರು. ಚೀಟಿಯನ್ನು ಮರಳಿ ಕೊಟ್ಟು ತಮ್ಮ ಕೆಲಸಕ್ಕೆ ಹತ್ತಿದರು. ವೈನಿ ನೆಲದ ಫರಸಿ ನೋಡುತ್ತಿದ್ದರು. ನಾನು ಬಾಯಿ ಬಿಡಲಿಲ್ಲ. ಮೂರನೆಯ ದಿನ ಅಣ್ಣ ಹೋದ.

ಸಮಾಧಾನ ಹೇಳಲು ಬಂದವರೆಲ್ಲ ಒಂದೇ ಮಾತನ್ನು ಆಡಿದರು. ಸರ್ಕಾರದವರೇ ನಾರ್ಮಲ್ ಎಂದು ಬರೆದುಕೊಟ್ಟಿದ್ದರೂ ಹೀಗಾಯಿತಲ್ಲ, ಹಣೆಬರಹದ ಮುಂದೆ ಯಂತ್ರ ಯಾವ ಲೆಕ್ಕ. ಕೆಲವರು ಯಂತ್ರ ಕೆಟ್ಟಿತ್ತು ಎಂದರು, ಕೆಲವರು ಚೀಟಿ ತೂಗುಹಾಕಿದ್ದಕ್ಕೆ ದೃಷ್ಟಿ ತಾಗಿತು ಎಂದರು. ನಾನು ಎಲ್ಲರಿಗೂ ಚಹಾ ಕೊಟ್ಟೆ. ವೈನಿ ಹೊಲಿಗೆಯ ಯಂತ್ರಕ್ಕೆ ಮರಳಿದರು. ಓಣಿಯ ಅರ್ಧ ಜನರ ಬಟ್ಟೆ ಹೊಲಿಯುವುದು ಅವರೇ.

ಆರು ತಿಂಗಳಾಗಿರಬೇಕು. ನಮ್ಮ ಓಣಿಯ ಆಶಾ ಕಾರ್ಯಕರ್ತೆ, ಎಲ್ಲರ ಬಾಯಲ್ಲಿ ಆಶಾ ಬಾಯಿ, ತನ್ನ ಪಟ್ಟಿ ಹಿಡಿದು ಬಂದಳು. ಮೂವತ್ತು ದಾಟಿದವರನ್ನೆಲ್ಲ ಮನೆಮನೆಗೆ ಹೋಗಿ ಕೇಳುವುದು ಅವಳ ವರ್ಷದ ಕೆಲಸ. ಪಕ್ಕದ ಮನೆಯ ಕಾಕಾ, ಮಗ್ಗದಲ್ಲಿ ದುಡಿದು ದಣಿದ ಮುದುಕ, ನಮ್ಮ ಕಟ್ಟೆಯ ಮೇಲೆ ಕುಳಿತಿದ್ದ. ಈ ಕಾಕಾನೊಂದು ತಮಾಷೆ. ಬಿ.ಪಿ. ಐತೇನು ಎಂದರೆ ಇಲ್ಲ, ಗುಳಿಗಿ ತಗೋತೀನಿ ಎನ್ನುತ್ತಿದ್ದ. ಗುಳಿಗೆ ನುಂಗಿ ಅಳತೆ ಇಳಿದ ಮೇಲೆ ಬಿ.ಪಿ. ಎಲ್ಲಿಯದು? ಆಶಾ ಬಾಯಿ ಪ್ರತಿ ವರ್ಷ ಅವನಿಗೆ ತಿಳಿಸಿ ಹೇಳುತ್ತಿದ್ದಳು. ಈ ಸಲ ಅವನು ಬೇರೆ ಉತ್ತರ ಕೊಟ್ಟ.

"ಗುಳಿಗಿ ಬಿಟ್ಟು ತಿಂಗಳಾತು. ನಾರ್ಮಲ್ ಇದ್ದಾಂವನ ಹ್ವಾದ. ಇನ್ನ ಗುಳಿಗಿ ನುಂಗಿ ನಾ ಏನ್ ಗಳಸ್ಲಿ?"

ಅಂಗಡಿಗೆ ಬರುತ್ತಿದ್ದ ಇನ್ನೂ ಇಬ್ಬರು ಹೀಗೆಯೇ ಬಿಟ್ಟಿದ್ದಾರೆ ಎಂದೂ ಹೇಳಿದ, ಸಂಘ ಕಟ್ಟಿದವನ ಹಾಗೆ.

ಆಶಾ ಬಾಯಿ ಅವನಿಗೆ ಉತ್ತರ ಹುಡುಕುತ್ತಲೇ ನನ್ನ ಹಾಳೆಗೆ ಬಂದಳು. ವಯಸ್ಸು, ತಂಬಾಕು, ಸೊಂಟ. ಕೊನೆಗೆ, ಮನೆತನದಲ್ಲಿ ತಂದೆ, ತಾಯಿ, ಒಡಹುಟ್ಟಿದವರಿಗೆ ಯಾರಿಗಾದರೂ ಬಿ.ಪಿ. ಇತ್ತೇ ಎಂದು ಕೇಳಿದಳು. ಕೇಳಿದವಳೇ ಇಲ್ಲ ಎಂದು ಬರೆಯಲು ಪೆನ್ನು ಊರಿದಳು. ಅವಳಿಗೂ ಆ ಚೀಟಿ ಗೊತ್ತಿತ್ತು.

ಒಳಗೆ ಹೊಲಿಗೆಯ ಯಂತ್ರ ಓಡುತ್ತಿತ್ತು. ಕಾಕಾ ಎಲೆಯಡಿಕೆ ಜಗಿಯುತ್ತಿದ್ದ. ಸುಮ್ಮನಿದ್ದರೆ ಈ ಮುದುಕನನ್ನೂ ಹೊತ್ತುಕೊಂಡು ಹೋಗಬೇಕಾಗುತ್ತದೆ ಎನಿಸಿತು.

"ಇತ್ತ್ರಿ," ಎಂದೆ. "ನಮ್ಮಣ್ಣಗ ಇತ್ತು. ಗುಳಿಗಿ ಬಿಟ್ಟಿದ್ದ. ಆ ಚೀಟಿ ನಂದ್ರಿ. ಅವನ ಹೆಸರಿನ ಮ್ಯಾಲೆ ನಾ ಕುಂತಿದ್ದೆ."

ಕಾಕಾ ಜಗಿಯುವುದನ್ನು ನಿಲ್ಲಿಸಿದ. ಹೊಲಿಗೆಯ ಯಂತ್ರವೂ ನಿಂತಿತು. ವೈನಿ ಬಾಗಿಲಿಗೆ ಬರಲಿಲ್ಲ, ಕುಳಿತಲ್ಲಿಂದಲೇ ಮಾತಾಡಿದರು.

"ಎಪ್ಪತ್ತೊಂಬತ್ತು ಸೆಂಟಿಮೀಟರ್ ಅಂದ್ರ ಮೂವತ್ತೊಂದ ಇಂಚು. ನಿಮ್ಮಣ್ಣನ ಪ್ಯಾಂಟ್ ನಲವತ್ತೆರಡಕ್ಕ ಹೊಲ್ಯಾಕಿ ನಾನು. ಚೀಟಿ ತಂದ ದಿನಾನ ನನಗ ಗೊತ್ತಾತು, ಅದು ಯಾರ ನಡಾ ಅಂತ."

ಗೊತ್ತಿದ್ದೂ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದೆ. ಕೇಳಿದ ಮೇಲೆ, ಆ ಪ್ರಶ್ನೆ ಕೇಳುವ ಹಕ್ಕು ಮನೆಯಲ್ಲಿ ಯಾರಿಗಾದರೂ ಇದ್ದರೆ ಅದು ನನಗಲ್ಲ ಎಂದು ಹೊಳೆಯಿತು.

ವೈನಿ ಸೂಜಿಗೆ ದಾರ ಪೋಣಿಸಿದರು.

"ನಾರ್ಮಲ್ ಅಂತ ಬರದಿತ್ತಲ್ರಿ," ಎಂದರು. "ದಿನಾ ಅಂಗಡಿಗೆ ಬುತ್ತಿ ಒಯ್ದಾಗ ಓದಾಕ ಚೊಲೊ ಅನಸ್ತಿತ್ತು."

ಆಶಾ ಬಾಯಿ ಪೆನ್ನಿನಿಂದ 'ಹೌದು' ಎಂಬಲ್ಲಿ ಗುರುತು ಹಾಕಿದಳು. ಅಣ್ಣನ ಬಿ.ಪಿ. ಸರ್ಕಾರದ ಕಾಗದದ ಮೇಲೆ ಬಂದದ್ದು ಅದೇ ಮೊದಲು, ಅದೂ ನನ್ನ ಹಾಳೆಯಲ್ಲಿ. ಸರ್ವೇಯ ಲೆಕ್ಕದಲ್ಲಿ ಅವನು ಇಂದಿಗೂ ಐವತ್ತೆಂಟು ಕಿಲೋದ, ಉಪ್ಪು ಮುಟ್ಟದ ಆರೋಗ್ಯವಂತ. ಅದನ್ನು ತಿದ್ದಿಸಲು ಯಾರಿಗೆ ಹೇಳಬೇಕೆಂದು ಅವಳಿಗೂ ಗೊತ್ತಿರಲಿಲ್ಲ.

ಮರುದಿನ ಅವಳು ಹೇಳಿದಂತೆ ಆರೋಗ್ಯ ಕೇಂದ್ರಕ್ಕೆ ಹೋದೆವು. ವೈನಿ ಮುಂದೆ, ನಡುವೆ ಕಾಕಾ, ಹಿಂದೆ ನಾನು. ದಾರಿಯುದ್ದಕ್ಕೂ ಕಾಕಾ ನನ್ನನ್ನು ಬೈದ. ಒಂದು ತಿಂಗಳ ಗುಳಿಗೆ ವ್ಯರ್ಥವಾಗಿ ಬಿಟ್ಟೆನಲ್ಲೋ, ನಿನ್ನ ನಡ ಮುರಿಯ, ಎಂದ. ಅವನಿಗೆ ಅಲ್ಲಿ ಗುಳಿಗೆ ಮತ್ತೆ ಶುರುವಾಯಿತು. ನನ್ನ ತೋಳಿಗೆ ಪಟ್ಟಿ ಸುತ್ತಿದರು. ನೂರಾ ನಲವತ್ತಾರಕ್ಕೆ ತೊಂಬತ್ತೆರಡು. ಒಂದೇ ದಿನದ ಅಳತೆ ನೋಡಿ ಹೇಳಲಾಗದು, ಮುಂದಿನ ವಾರ ಮತ್ತೆ ಬರಬೇಕು ಎಂದರು. ರಿಜಿಸ್ಟರನ್ನು ನನ್ನ ಕಡೆ ತಿರುಗಿಸಿ ಸಹಿ ಕೇಳಿದರು.

ಪೆನ್ನು ಹಿಡಿದೆ. ಕೈ ತಾನಾಗಿಯೇ ಅಣ್ಣನ ಹೆಸರಿನ ಮೊದಲ ಅಕ್ಷರ ಬರೆದಿತ್ತು. ಪಕ್ಕದಲ್ಲಿ ನಿಂತಿದ್ದ ವೈನಿ ಅದನ್ನು ನೋಡಿದರು.

"ಈ ಸರ್ತಿ ಯಾರು?" ಎಂದರು ಮೆಲ್ಲಗೆ.

ಅದರ ಮೇಲೆ ಗೆರೆ ಎಳೆದು, ಕೆಳಗೆ ನನ್ನ ಹೆಸರು ಬರೆದೆ. ಅಣ್ಣನದರಷ್ಟು ಚೆನ್ನಾಗಿ ಬರಲಿಲ್ಲ.