ಬಾಗಿಲು ಹಾಕಿದ ಅರ್ಧ ತಾಸು

ಸಿಂದಗಿಯಲ್ಲಿ ನಾನು ಹೆಂಗಸರ ದವಾಖಾನೆ ನಡೆಸುತ್ತಿದ್ದೆ. ಎರಡು ಸಾವಿರದ ದಶಕ ಮುಗಿಯುತ್ತ ಬಂದಾಗ ಊರಿಗೆ ಹೊಸ ಚಟವೊಂದು ಹತ್ತಿತು. ಡಾಕ್ಟರುಗಳ ವಿಳಾಸ ಹಾಕುವ ಒಂದು ಜಾಲತಾಣ; ಹೆಸರಿನ ಕೆಳಗೆ ಯಾರು ಏನು ಬೇಕಾದರೂ ಬರೆಯಬಹುದು. ಅದನ್ನು ಓದಿ ನಗುವುದಕ್ಕೆಂದೇ ಜನ ಬಸ್ ಸ್ಟ್ಯಾಂಡಿನ ಇಂಟರ್ನೆಟ್ ಅಂಗಡಿಯಲ್ಲಿ ಕೂರುತ್ತಿದ್ದರು.

ಒಂದು ದಿನ ಊರಿನ ಎಲುಬಿನ ಡಾಕ್ಟರು ನನ್ನ ಹೆಸರಿನ ಕೆಳಗೆ ಬಂದದ್ದನ್ನು ಪ್ರಿಂಟ್ ತೆಗೆಸಿಕೊಂಡು ಬಂದರು. ಮುಖದಲ್ಲಿ ಅನುಕಂಪವಿತ್ತು, ಅದರ ಅಡಿಯಲ್ಲಿ ಸ್ವಲ್ಪ ಖುಷಿಯೂ ಇತ್ತು.

ಬರೆದವನು ಒಬ್ಬ ಗಂಡ, ತನ್ನ ಹೆಸರು ಹಾಕಿಯೇ ಬರೆದಿದ್ದ. 'ನಿಶ್ಶಕ್ತಿ ಅಂತ ಹೆಂಡತಿಯನ್ನು ಕರೆದುಕೊಂಡು ಹೋದೆ. ಈ ಡಾಕ್ಟರ್ ನನ್ನನ್ನು ಹೊರಗೆ ನಿಲ್ಲಿಸಿ ಬಾಗಿಲು ಹಾಕಿಕೊಂಡಳು. ಅರ್ಧ ತಾಸು ಒಳಗೆ ಏನು ಮಾಡಿದಳೋ ಹೇಳಲಿಲ್ಲ. ಸಂಸಾರ ಒಡೆಯುವ ಹೆಂಗಸು. ಯಾರೂ ಹೋಗಬೇಡಿ.'

ನನಗೆ ಮೈಯೆಲ್ಲ ಉರಿಯಿತು. ನನ್ನ ಸಿಟ್ಟು ಮೊದಲೇ ಮೂಗಿನ ತುದಿಯಲ್ಲಿರುವುದು. ಅವನ ಹೆಂಡತಿ ನನಗೆ ಚೆನ್ನಾಗಿ ನೆನಪಿದ್ದಳು. ಮೇಲಿಂದ ಮೇಲೆ ಮೂರು ಹೆಣ್ಣು ಹೆತ್ತು ಬೆಳ್ಳಗೆ ಬಿಳಿಚಿಕೊಂಡಿದ್ದಳು. ಬಾಗಿಲು ಹಾಕಿದ ಮೇಲೆ ನನ್ನ ಕೈ ಹಿಡಿದುಕೊಂಡು, ಗಂಡುಮಗು ಆಗುವ ತನಕ ಮನೆಯವರು ಬಿಡುವುದಿಲ್ಲ, ಇನ್ನೊಂದು ಹೆರಿಗೆಗೆ ತಾನು ಉಳಿಯುವುದಿಲ್ಲ ಎಂದಳು. ಬಸಿರು ನಿಲ್ಲದಂತೆ ಏನಾದರೂ ಮಾಡಿ ಎಂದು ಆಕೆಯೇ ಕೇಳಿದಳು. ಪರೀಕ್ಷೆ ಮಾಡಿ, ತಿಳಿಸಿ ಹೇಳಿ, ಕಾಪರ್-ಟಿ ಹಾಕಿದೆ. ಆಕೆಗೆ ಬುದ್ಧಿ ಇತ್ತು, ವಯಸ್ಸಿತ್ತು. ಗಂಡನ ಸಹಿ ಬೇಕಿರಲಿಲ್ಲ. (ಊರು, ಮಕ್ಕಳ ಲೆಕ್ಕ, ಇನ್ನೂ ಕೆಲವನ್ನು ಇಲ್ಲಿ ಬದಲಿಸಿದ್ದೇನೆ. ಹುಡುಕಲು ಹೋಗಬೇಡಿ.)

ಆ ಸಂಜೆ ಮಹಡಿಯ ಮೇಲಿನ ಕೋಣೆಯಲ್ಲಿ ಕೂತು ಉತ್ತರ ಬರೆದೆ. ಕಾಪರ್-ಟಿಯ ಮಾತು ಎತ್ತಲಿಲ್ಲ, ಅಷ್ಟು ದಡ್ಡಿಯಲ್ಲ. ಆದರೆ ರಕ್ತ ಎಷ್ಟು ಕಡಿಮೆ ಇತ್ತು, ಅವನು ಹೆಂಡತಿಯನ್ನು ಹೇಗೆ ನೋಡಿಕೊಂಡಿದ್ದ, ಎಲ್ಲ ಬರೆದು ಅವನನ್ನು ಝಾಡಿಸಿದ್ದೆ. ಓದಿಕೊಂಡಾಗ ಹಾಯೆನಿಸಿತು. ಎರಡನೇ ಸಲ ಅವನ ಕಣ್ಣಿನಿಂದ ಓದಿದೆ. 'ರಕ್ತ ಕಡಿಮೆ ಇತ್ತು' ಎಂದರೆ ಅವನು ಮತ್ತೆ ಬರೆಯುತ್ತಾನೆ: ರಕ್ತ ನೋಡಲು ಅರ್ಧ ತಾಸು ಯಾಕೆ? ಅದಕ್ಕೆ ನಾನು ಇನ್ನೊಂದು ಹೇಳಬೇಕು. ನನ್ನನ್ನು ಕಾಪಾಡಿಕೊಳ್ಳಲು ಹೊರಟರೆ ಅವಳನ್ನು ಒಂದೊಂದೇ ಹೆಜ್ಜೆ ಹೊರಗೆ ಎಳೆದಂತೆ. ಹೆಸರು ಹಾಕದಿದ್ದರೂ ಊರಿಗೆ ಯಾರೆಂದು ತಿಳಿಯುತ್ತದೆ. ಗಂಡನೇ ಎಲ್ಲ ಬರೆದಿದ್ದಾನಲ್ಲ ಎಂದರೆ, ಬರೆದವನು ಅವನು, ಗುಟ್ಟು ಅವಳದು. ಆಕೆ ಬಂದಿದ್ದಳು ಎಂದು ಒಪ್ಪಿಕೊಳ್ಳುವ ಹಕ್ಕು ಸಹ ನನಗಿರಲಿಲ್ಲ.

ಎಲ್ಲ ಅಳಿಸಿದೆ. ಸಿಟ್ಟು ಇಳಿಯಲೆಂದು ಎರಡು ದಿನ ಬಿಟ್ಟು ಇಷ್ಟೇ ಬರೆದೆ: 'ನಿಮ್ಮ ಅಭಿಪ್ರಾಯ ಓದಿದೆ. ಬೇಸರವಾದದ್ದಕ್ಕೆ ವಿಷಾದವಿದೆ. ದವಾಖಾನೆಗೆ ಯಾರು ಬಂದಿದ್ದರು, ಏನಾಯಿತು ಎಂದು ನಾವು ಎಲ್ಲೂ ಬರೆಯುವುದಿಲ್ಲ. ಬರುವ ಪ್ರತಿಯೊಬ್ಬ ಹೆಣ್ಣುಮಗಳನ್ನೂ ಸ್ವಲ್ಪ ಹೊತ್ತು ಒಬ್ಬಳನ್ನೇ ಮಾತಾಡಿಸುವುದು ಇಲ್ಲಿನ ಪದ್ಧತಿ. ನಮ್ಮ ನಡವಳಿಕೆಯ ಬಗ್ಗೆ ದೂರಿದ್ದರೆ ದಯವಿಟ್ಟು ಬಂದು ಹೇಳಿ.'

ಎಲುಬಿನ ಡಾಕ್ಟರಿಗೆ ಇದು ಸಪ್ಪೆ ಎನಿಸಿತು. "ಏನ್ರಿ ಮೇಡಮ್ಮಾರ, ತಪ್ಪ ಮಾಡಿಲ್ಲಂದ್ರ ಬಾಯಿ ಬಿಟ್ಟ ಹೇಳಬೇಕ್ರಿ. ಮಂದಿ ಏನ ತಿಳಕೋತಾರ?"

"ತಿಳಕೊಳ್ಳಲಿ ಬಿಡ್ರಿ," ಎಂದೆ.

ಮಂದಿ ತಿಳಿದುಕೊಂಡರು. ಪಕ್ಕದ ಇಂಡಿ ಕಡೆಯಿಂದ ಬರುತ್ತಿದ್ದವರು ಕಡಿಮೆಯಾದರು. ಪರಿಚಯದ ಹೆಂಗಸರು ಮದುವೆ ಮನೆಯಲ್ಲಿ ನನ್ನ ಪಕ್ಕದ ಕುರ್ಚಿ ಬಿಟ್ಟು ಕೂತರು. ನಾನು ಒಂಟಿಯಾಗಿ ಬದುಕಿದವಳು, ಒಂಟಿತನ ಹೊಸದೇನಲ್ಲ. ಆದರೆ ಸತ್ಯ ಬಾಯೊಳಗೇ ಇದ್ದು ಉಗುಳಲಾಗದ, ನುಂಗಲಾಗದ ಆ ಒಂಟಿತನ ಬೇರೆ. ಅದು ನನಗೆ ನೋವು ಕೊಟ್ಟಿತು. ಸುಳ್ಳೇಕೆ ಹೇಳಲಿ, ಕೆಲವು ದಿನ ಆಕೆಯ ಮೇಲೂ ಸಿಟ್ಟು ಬಂತು.

ಬೇಸಿಗೆ ಕಳೆದ ಮೇಲೆ ಆಕೆ ಬಂದಳು, ಕಾಪರ್-ಟಿ ತೋರಿಸಲು. ಜೊತೆಗೆ ತವರಿನ ಅಕ್ಕ ಇದ್ದಳು. ಅಕ್ಕನನ್ನೂ ಹೊರಗೆ ಕೂರಿಸಿದೆ. ಆಕೆಯ ಮುಖಕ್ಕೆ ಸ್ವಲ್ಪ ಬಣ್ಣ ಬಂದಿತ್ತು. ಎಲ್ಲ ಸರಿ ಇದೆ ಎಂದು ನಾನು ಕೈ ತೊಳೆಯುವಾಗ ಆಕೆ ಹೇಳಿದಳು.

"ಬಾಯಾರ, ಅದನ್ನ ಅವರು ಬೇಕಂತ ಬರದಿದ್ರು ನೋಡ್ರಿ. 'ಬೈದ್ರ ಡಾಕ್ಟರ್ ಸಿಟ್ಟೀಲೆ ಎಲ್ಲಾ ಹೇಳ್ತಾಳ, ಒಳಗ ಏನ ನಡೀತು ಗೊತ್ತಾಕೈತಿ' ಅಂತಿದ್ರು. ದಿನಾ ಬಸ್ ಸ್ಟ್ಯಾಂಡಿಗೆ ಹೋಗಿ ನೋಡತಿದ್ರು. ನನಗ ಕೂಳ ಇಳೀತಿದ್ದಿಲ್ಲ. ಕಡೀಕ ನಿಮ್ಮ ಉತ್ತರಾ ಮನಿಗೆ ತಂದು ಎಲ್ಲಾರ ಮುಂದ ಓದಿಸಿದ್ರು."

"ಆಮ್ಯಾಲೆ?"

"ಅದರಾಗ ನಾನು ಎಲ್ಲೂ ಇದ್ದಿಲ್ರಿ," ಎಂದಳು.

ಸೆರಗು ಸರಿಮಾಡಿಕೊಂಡು ಅಕ್ಕನ ಜೊತೆ ಬಸ್ಸಿಗೆ ಹೋದಳು. ನಾನು ಬಾಗಿಲು ಹಾಕಿಕೊಂಡು ಚೆನ್ನಾಗಿ ಅತ್ತೆ. ಯಾಕೆ ಅಳುತ್ತೀ ಎಂದು ಕೇಳುವವರು ಯಾರೂ ಇರಲಿಲ್ಲ. ಇದ್ದಿದ್ದರೂ ಹೇಳುವಂತಿರಲಿಲ್ಲ.