ಪರೀಕ್ಷೆಯ ದಿನ ಚಹಾ ಮಾಡಿದ ಗಿರಿಜವ್ವ

ನಮ್ಮ ಅತ್ತೆ ಗಿರಿಜವ್ವನಿಗೆ ಈ ಬೇಸಿಗೆಯಲ್ಲಿ ಇರಲು ಮೂರು ಜಾಗಗಳಿದ್ದವು. ಮೂರಕ್ಕೂ ಅವರ ಬಳಿ ಒಂದೊಂದು ತಕರಾರಿತ್ತು!

ಅವರಿಗೆ ಎಪ್ಪತ್ತೊಂಬತ್ತು ವರ್ಷ. ಧಾರವಾಡದಿಂದ ಈ ಚಳಿ ದೇಶಕ್ಕೆ ಬಂದು ನಲವತ್ತೇಳು ವರ್ಷವಾಯಿತು. ಮಾವ ಸದಾಶಿವ ಅವರು ತೀರಿಕೊಂಡ ಮೇಲೆ ಥಾರ್ನ್‌ಹಿಲ್‌ನ ಒಂದೇ ಅಂತಸ್ತಿನ ಬಂಗಲೆಯಲ್ಲಿ ಒಬ್ಬರೇ. ಮಾರ್ಚಿನಲ್ಲಿ ಕಸದ ನೀಲಿ ಡಬ್ಬಿಯನ್ನು ರಸ್ತೆಗೆ ಎಳೆದುಕೊಂಡು ಹೋಗುವಾಗ ಐಸಿನ ಮೇಲೆ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು, ಆರು ವಾರ ರಿಹ್ಯಾಬಿನಲ್ಲಿ ನಡೆಯುವ ಅಭ್ಯಾಸವಾಯಿತು, ವಾಕರ್ ಹಿಡಿದು ಮನೆಗೆ ಬಂದರು. ಅಂದಿನಿಂದ ನಾನೂ ನನ್ನ ಗಂಡ ಲೋಕೇಶನೂ ನಮ್ಮೂರು ಸ್ಟೌಫ್‌ವಿಲ್‌ನಿಂದ ಸರದಿಯಲ್ಲಿ ಓಡಾಡಿದ್ದೇ ಓಡಾಡಿದ್ದು.

ಲೋಕೇಶನ ಹಟ ಒಂದೇ, "ಅವ್ವಾ, ನಮ್ಮ ಮನಿಗೆ ಬಾ." ನಾದಿನಿ ಅಪೂರ್ವ ಮಾತ್ರ ಹತ್ತಿರದಲ್ಲೇ ಒಂದು ರಿಟೈರ್‌ಮೆಂಟ್ ಹೋಮ್ ನೋಡಿ ಬಂದಿದ್ದಳು. ಮೂರು ಹೊತ್ತು ಊಟ, ಕೋಣೆಯಲ್ಲಿ ಕರೆಗಂಟೆ, ಒಂದು ತಿಂಗಳು ಇದ್ದು ನೋಡುವ ಅವಕಾಶ. ದುಡ್ಡು ಪೂರ್ತಿ ನಮ್ಮದೇ, ಸರ್ಕಾರ ಕೊಡುವುದಿಲ್ಲ. ತಿಂಗಳ ಕೊನೆಯ ಶುಕ್ರವಾರದವರೆಗೆ ಕೋಣೆ ಕಾದಿರಿಸುತ್ತೇವೆ ಎಂದಿದ್ದರಂತೆ. ಅತ್ತೆಗೆ ಬೇಕಾಗಿದ್ದು ಮೂರನೆಯದು: ತಮ್ಮ ಮನೆ, ತಮ್ಮ ಹಿತ್ತಿಲಿನ ಮೆಂತ್ಯ. ಅದಕ್ಕೆ ಸರ್ಕಾರದ ಹೋಮ್ ಕೇರ್‌ನಿಂದ ಸಹಾಯಕಿ ಬರಬೇಕು, ಸ್ನಾನ ಮಾಡಿಸಬೇಕು. ಅಲ್ಲೇ ಇದ್ದದ್ದು ಕಗ್ಗಂಟು.

ಯಾಕೆಂದರೆ ಅತ್ತೆಯೇ ಇಪ್ಪತ್ತಾರು ವರ್ಷ ಆ ಕೆಲಸ ಮಾಡಿದವರು! ವೃದ್ಧರನ್ನು ನೋಡಿಕೊಳ್ಳುವ ನರ್ಸಿಂಗ್ ಹೋಮೊಂದರಲ್ಲಿ ಬೇರೆಯವರ ತಾಯಿ ತಂದೆಯರಿಗೆ ಮೈ ತೊಳೆದು, ತಲೆ ಬಾಚಿ, ಊಟ ಮಾಡಿಸಿದವರು. ಸೊಸೆಯಾಗಿ ಬಂದ ಹೊಸದರಲ್ಲಿ ನನಗೆ ಅದನ್ನು ಹೆಮ್ಮೆಯಿಂದ ಹೇಳುತ್ತಿದ್ದರು. ಈಗ ತಮ್ಮ ಮೈ ಇನ್ನೊಬ್ಬರು ತೊಳೆಯುವುದು ಎಂದರೆ ಕಿವಿ ಮುಚ್ಚಿಕೊಳ್ಳುತ್ತಾರೆ.

ಹೋಮ್ ಕೇರ್ ಕೋಆರ್ಡಿನೇಟರ್ ಮನೆಗೇ ಬಂದು ನೋಡುವ ದಿನ ಬಂತು. ಏನೇನು ಕೈಲಾಗುತ್ತದೆ, ಏನೇನು ಆಗುವುದಿಲ್ಲ ಎಂದು ಕೇಳಿ, ಕಣ್ಣಾರೆ ಕಂಡು, ವಾರಕ್ಕೆ ಎಷ್ಟು ಗಂಟೆ ಸಹಾಯ ಎಂದು ಅವರು ನಿರ್ಧರಿಸುತ್ತಾರೆ. ಬೆಳಿಗ್ಗೆ ಒಂಬತ್ತಕ್ಕೆ ನಾನು ಹೋಗಿ ನೋಡಿದರೆ ಮನೆ ಫಳಫಳ! ಅತ್ತೆ ಇಳಕಲ್ ಸೀರೆ ಉಟ್ಟು, ಹೂವಿನಂತೆ ಕೂತಿದ್ದಾರೆ. ವಾಕರ್ ಎಲ್ಲೂ ಇಲ್ಲ.

"ಅತ್ತೆ, ವಾಕರ್ ಎಲ್ಲಿ?"

"ಬೇಸ್‌ಮೆಂಟಿನ ಮೆಟ್ಟಲ ಹತ್ರ ಇಟ್ಟೀನಿ. ಮನಿಗೆ ಮಂದಿ ಬರ್ತಾರ, ಅದೆಲ್ಲಾ ಕಣ್ಣಿಗೆ ಬೀಳಬಾರ್ದು. ಕಮೋಡ್ ಕುರ್ಚಿನೂ ನೀ ಒಳಗ ಸರಿಸು."

ನಾನು ಸರಿಸಿದೆ! ಇಂಥ ಬುದ್ಧಿಗೇಡಿ ಸೊಸೆ ನಾನು. ಅತಿಥಿ ಬರುತ್ತಾರೆ ಎಂದ ಕೂಡಲೇ ನಮ್ಮ ಕೈ ತಾನಾಗಿ ಕೊಳಕನ್ನು ಮುಚ್ಚುತ್ತದೆ.

ಹತ್ತಕ್ಕೆ ಕೋಆರ್ಡಿನೇಟರ್ ಡೆನೀಸ್ ಬಂದರು, ಲ್ಯಾಪ್‌ಟಾಪ್ ತೆರೆದರು. ಸ್ನಾನ ಯಾರು ಮಾಡಿಸುತ್ತಾರೆ? "ಮೈಸೆಲ್ಫ್," ಎಂದರು ಅತ್ತೆ. ಅಡುಗೆ? "ಮೈಸೆಲ್ಫ್." ಸೀರೆ? "ಮೈಸೆಲ್ಫ್, ಫಾರ್ಟಿ ಸೆವೆನ್ ಇಯರ್ಸ್!" ಲೋಕೇಶ ಆಫೀಸಿನಿಂದಲೇ ಫೋನಿನ ಸ್ಪೀಕರಿನಲ್ಲಿ, "ಡೋಂಟ್ ವರಿ, ನಾವೆಲ್ಲಾ ಅವ್ವನ್ನ ನೋಡ್ಕೋತೀವಿ, ನೋ ಪ್ರಾಬ್ಲಮ್," ಎಂದು ಎದೆಯುಬ್ಬಿಸಿದ. ನಾನೂ ತುಟಿ ಹೊಲಿದುಕೊಂಡು ಕೂತೆ. ಹೊರಗಿನವರ ಮುಂದೆ ಅತ್ತೆ ಸುಳ್ಳು ಹೇಳುತ್ತಿದ್ದಾರೆ ಎನ್ನುವುದು ಹೇಗೆ? ಡೆನೀಸ್ ಟೈಪ್ ಮಾಡುತ್ತಲೇ ಇದ್ದರು. ಪ್ರತಿ "ಮೈಸೆಲ್ಫ್"ಗೂ ಸಹಾಯದ ಗಂಟೆ ಕಡಿಮೆಯಾಗುತ್ತಿತ್ತು, ಅತ್ತೆಯ ಮನೆ ಅವರ ಕೈ ಜಾರುತ್ತಿತ್ತು.

ಅಷ್ಟರಲ್ಲಿ ಅತ್ತೆ ಎದ್ದರು. "ಚಹಾ ತರ್ತೀನಿ."

ಬೇಡ ಎನ್ನುವಷ್ಟರಲ್ಲಿ ಅಡುಗೆಮನೆ ಸೇರಿದ್ದರು. ಚಹಾ ಕುದಿಯುವ ವಾಸನೆ ಬಂತು. ಆಮೇಲೆ ಕಪ್ಪುಗಳು ಟ್ರೇ ಮೇಲೆ ನಡುಗುವ ಸದ್ದು. ಒಂದು ಕೈಯಲ್ಲಿ ಟ್ರೇ, ಇನ್ನೊಂದು ಕೈಯಲ್ಲಿ ಕಟ್ಟೆಯ ಅಂಚು. ಕಟ್ಟೆ ಮುಗಿಯಿತು, ಮುಂದೆ ಹಿಡಿಯಲು ಏನೂ ಇಲ್ಲ. ಅವರು ಒಂದು ಪಕ್ಕಕ್ಕೆ ವಾಲಿದರು.

ನಾನು ಓಡಿ ಸೊಂಟ ಹಿಡಿದೆ, ಡೆನೀಸ್ ಟ್ರೇ ಹಿಡಿದರು. ಚಹಾ ನೆಲಕ್ಕೆ ಚೆಲ್ಲಿತು.

ನನ್ನ ಬಾಯಿ ಹೇಗೆ ಬಿಚ್ಚಿತೋ! "ಸಾಕು ಅತ್ತೆ, ಸಾಕು! ಹನ್ನೊಂದು ದಿನ ಆಯ್ತು ನೀವು ನೆಟ್ಟಗೆ ಸ್ನಾನ ಮಾಡಿ. ಸ್ನಾನದ ಟಬ್ಬಿನ ಅಂಚು ದಾಟೋಕ್ಕಾಗಲ್ಲ, ಒದ್ದೆ ಬಟ್ಟೇಲಿ ಒರೆಸ್ಕೋತೀರ. ನನ್ನನ್ನೂ ಒಳಗೆ ಬಿಡಲ್ಲ. ನಾನು ಕಾರಲ್ಲಿ ಕೂತು ಅಳ್ತೀನಿ, ಗೊತ್ತಾ ನಿಮಗೆ?" ಅದನ್ನೇ ಇಂಗ್ಲಿಷಿನಲ್ಲಿ ಡೆನೀಸ್‌ಗೂ ಹೇಳಿದೆ.

ಅತ್ತೆ ನನ್ನನ್ನೇ ನೋಡಿದರು. ಬೈಗುಳ ಬಂತು ಎಂದುಕೊಂಡೆ. ಬಂದದ್ದು ನಗು!

"ಇಪ್ಪತ್ತಾರು ವರ್ಷ ಮಂದಿ ಸೊಸೆಂದ್ರಿಗೆ ಹೇಳೀನಿ ನಾನು, ನೋಡಾಕ ಬರೋ ದಿನ ಮುದುಕಿ ತಲಿ ಬಾಚಬ್ಯಾಡ್ರಿ, ಇದ್ದಂಗ ಇರಲಿ ಅಂತ. ಇವತ್ತ ನಾನ ಬಾಚ್ಕೊಂಡು ಕುಂತೀನಿ ನೋಡು!" ನಗುತ್ತ ನಗುತ್ತ ಸೆರಗಿನಿಂದ ಕಣ್ಣೊರೆಸಿಕೊಂಡರು. "ನಾಚ್ಕಿ ಬರ್ತೈತಿ ಪ್ರಭಾ. ತೊಳಿಯೋ ಕೈ ನಂದಿತ್ತು."

ಡೆನೀಸ್ ಮೊದಲಿನಿಂದ ಮತ್ತೆ ಶುರು ಮಾಡಿದರು. ಈ ಸಲ ಎಲ್ಲಾ ನಿಜ. ಕೊನೆಗೆ ಸ್ಪಷ್ಟವಾಗಿ ಹೇಳಿದರು: ವಾರಕ್ಕೆ ನಾಲ್ಕು ಬೆಳಿಗ್ಗೆ ಒಂದೊಂದು ಗಂಟೆ ಕೊಡಿಸಬಹುದು. ಇಡೀ ದಿನ ಯಾರೂ ಇರುವುದಿಲ್ಲ, ರಾತ್ರಿ ಇಲ್ಲ, ಪ್ರತಿದಿನ ಅದೇ ಮುಖ ಬರುತ್ತದೆ ಎಂಬ ಭರವಸೆಯೂ ಇಲ್ಲ. ಟಬ್ಬಿಗೆ ಬೆಂಚು, ಗೋಡೆಗೆ ಹಿಡಿಕೆ, ಬಿದ್ದರೆ ಒತ್ತಲು ಕೊರಳಿಗೆ ಎಮರ್ಜೆನ್ಸಿ ಬಟನ್ ಬೇಕೇ ಬೇಕು. ಇನ್ನೊಬ್ಬರು ಸ್ನಾನ ಮಾಡಿಸುವುದಕ್ಕೆ ಒಪ್ಪದಿದ್ದರೆ ಈ ಮನೆಯಲ್ಲಿ ಒಬ್ಬರೇ ಇರುವುದು ಸುರಕ್ಷಿತವಲ್ಲ.

ಲೋಕೇಶ ಮತ್ತೆ ಅಂದ, "ಅವ್ವಾ, ನಮ್ಮ ಮನಿ ಐತಲ್ಲ."

"ನಿಮ್ಮ ಮನ್ಯಾಗ ನೀವಿಬ್ರೂ ಆಫೀಸು, ಹುಡುಗ್ರು ಸಾಲಿ. ನಾ ದಿನಾ ಹತ್ತು ತಾಸು ಒಬ್ಬಾಕಿನ, ಬಚ್ಚಲ ನೋಡಿದ್ರ ಮ್ಯಾಲಿನ ಮಾಳಿಗ್ಯಾಗ. ಒಬ್ಬಾಕಿನ ಇರೂದಾದ್ರ ನನ್ನ ಮನಿನ ಸಾಕು. ಚಳಿಗಾಲಕ್ಕ ಬೇಕಾದ್ರ ಅಪೂರ್ವ ನೋಡಿದ ಹೋಮಿಗೆ ಒಂದ ತಿಂಗಳು ಹೋಗಿ ನೋಡ್ತೀನಿ."

ನನಗೆ ಚುರುಕ್ಕೆಂದಿತು, ನಿಜ. ಅದಕ್ಕಿಂತ ಹೆಚ್ಚು ಹಗುರವೂ ಆಯಿತು. ಎರಡನ್ನೂ ಮುಚ್ಚಿಡುವುದಿಲ್ಲ.

ಮುಂದಿನ ಗುರುವಾರದ ಹೊತ್ತಿಗೆ ಬೆಂಚು ಬಂದಿತ್ತು, ಹಿಡಿಕೆ ಕೂತಿತ್ತು. ರಿಟೈರ್‌ಮೆಂಟ್ ಹೋಮಿಗೆ ಉತ್ತರ ಕೊಡಲು ಉಳಿದದ್ದು ಒಂದೇ ದಿನ. ಒಂಬತ್ತೂವರೆಗೆ ಸಹಾಯಕಿ ಲೂರ್ಡ್ಸ್ ಬಂದಳು. ಅತ್ತೆ ವಾಕರ್ ಹಿಡಿದು ಬಚ್ಚಲ ಬಾಗಿಲವರೆಗೆ ಹೋದರು, ನಿಂತುಬಿಟ್ಟರು. ಐದು ನಿಮಿಷ. ಹತ್ತು ನಿಮಿಷ. ಇರುವುದೇ ಒಂದು ಗಂಟೆ!

ಲೂರ್ಡ್ಸ್ ಅವಸರ ಮಾಡಲಿಲ್ಲ. ಟವೆಲುಗಳನ್ನು ಡ್ರೈಯರಿಗೆ ಹಾಕಿ ಬೆಚ್ಚಗೆ ಮಾಡಿ ತಂದಳು. ನೀರು ಬಿಟ್ಟು ತನ್ನ ಮಣಿಕಟ್ಟಿನ ಮೇಲೆ ನೋಡಿಕೊಂಡು ನಿಲ್ಲಿಸಿದಳು. ಆಮೇಲೆ ಶವರಿನ ಹಿಡಿಯನ್ನು ಅತ್ತೆಯ ಕಡೆಗೇ ಚಾಚಿದಳು. ಮೊದಲು ನಿಮ್ಮ ಪಾದಕ್ಕೆ ನೀವೇ ಬಿಟ್ಟುಕೊಳ್ಳಿ, ಉಳಿದ ಮೈಯೆಲ್ಲ ಟವೆಲಿನೊಳಗೇ ಇರಲಿ, ನಾನು ಸ್ವಲ್ಪ ಸ್ವಲ್ಪವೇ ತೊಳೆಯುತ್ತೇನೆ ಎಂದಳು.

ಅತ್ತೆ ಅವಳ ಕೈಗಳನ್ನೇ ನೋಡುತ್ತಿದ್ದರು, ಪರೀಕ್ಷಕರು ನೋಡುವ ಹಾಗೆ.

"ಕೆಲಸ ಬರ್ತೈತಿ ಈಕಿಗೆ," ಎಂದು ನನಗೆ ಹೇಳಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ನೀರಿನ ಸದ್ದು ಶುರುವಾಯಿತು! ನಾನು ಹಜಾರದಲ್ಲಿ ನಿಂತು ಅಪೂರ್ವಳಿಗೆ ಫೋನ್ ಮಾಡಿ, ಕೋಣೆ ಬೇಡ ಅಂತ ಹೇಳಿಬಿಡು ಅಂದೆ. ನನ್ನ ದನಿ ಎಷ್ಟು ಜೋರಾಗಿತ್ತೋ, ಬಚ್ಚಲೊಳಗಿಂದ ಅತ್ತೆ ಕೂಗಿದರು.

"ಪ್ರಭಾ! ಒದರಬ್ಯಾಡ. ಚಹಾಕ್ಕಿಡು, ಮೂರು ಕಪ್ಪು. ಇವತ್ತ ಚಹಾ ತರಾಕ ನಾ ಏಳಂಗಿಲ್ಲ."